ಓಡುವ ಬಸ್ಸಿನ ಮೇಲೆ ‘ವಿಜಯಪುರ’ ಬರೆದದ್ದು

ನಮ್ಮ ಊರಿನ ಹೆಸರು ಬಿಜಾಪುರದಿಂದ ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಕೆಲವು ವರ್ಷ ಮೊದಲು, ಒಂದು ಸಂಜೆ, ಗೋಲಗುಮ್ಮಟದ ಎದುರಿನ ರಸ್ತೆಯಲ್ಲಿ ಟ್ರೈಪಾಡ್ ನಿಲ್ಲಿಸಿ ಒಂದು ಖಾಸಗಿ ಬಸ್ಸಿನ ಚಿತ್ರ ತೆಗೆದಿದ್ದೆ. ಶಟರ್ ವೇಗ 1/30 ಸೆಕೆಂಡ್. ಗುಮ್ಮಟದ ಗೆರೆ ಗೆರೆಯೂ ಸ್ಪಷ್ಟವಾಗಿದೆ. ಬಸ್ಸು ಮಾತ್ರ ಒದ್ದೆ ಬಣ್ಣದ ಮೇಲೆ ಕೈ ಸವರಿದಂತೆ ಮಸುಕಾಗಿದೆ. ಈಚೆಗೆ ಆ ಬಸ್ಸಿನ ಮಾಲೀಕರು ಅದೇ ಚಿತ್ರವನ್ನು ಕ್ಯಾಲೆಂಡರಿಗೆ ಕೇಳಿದರು. ಒಂದೇ ಷರತ್ತು: ಕೆಂಪು ಮೈಯ ಮೇಲೆ ಹಳದಿಯಲ್ಲಿ ಬರೆದಿದ್ದ ‘ಬಿಜಾಪುರ’ ಹೋಗಿ ‘ವಿಜಯಪುರ’ ಬರಬೇಕು.

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಅಕ್ಷರಗಳನ್ನು ಬಸ್ಸಿನ ಓರೆಗೆ ತಕ್ಕಂತೆ ಎಳೆದು ಕೂರಿಸಿದೆ. ಹತ್ತಿರದ ಒಂದು ರಿವೆಟ್ಟಿನ ಹೊಳಪು ಎಷ್ಟು ಉದ್ದ ಎಳೆದುಕೊಂಡಿದೆ ಎಂದು ಅಳೆದೆ. ಫೋಟೋಶಾಪಿನಲ್ಲಿ ಅಷ್ಟೇ ಉದ್ದದ Motion Blur ಅನ್ನು, ಅಂದರೆ ಚಲನೆಯ ಮಸುಕನ್ನು, ಇಡೀ ಪದಕ್ಕೆ ಕೊಟ್ಟೆ. ಪದ ಸ್ಟಿಕ್ಕರಿನಂತೆ ಕಾಣಿಸಿತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಸ್ಸು ನನ್ನ ಕಡೆಗೆ ಓರೆಯಾಗಿ ಬರುತ್ತಿತ್ತು. ಮುಂಭಾಗದ ರಿವೆಟ್ಟಿನ ಗೆರೆ 51 ಪಿಕ್ಸೆಲ್ ಇತ್ತು, ಹಿಂಭಾಗದ್ದು 33. ಗೆರೆಗಳ ಕೋನವೂ ಒಂದೇ ಆಗಿರಲಿಲ್ಲ. ಕಿಟಕಿಯ ಕೆಳಗಿನವು ಒಂದು ಬಗೆಯಲ್ಲಿ ವಾಲಿದ್ದರೆ ಚಕ್ರದ ಬಳಿಯವು ಇನ್ನೊಂದು ಬಗೆಯಲ್ಲಿ ವಾಲಿದ್ದವು. ಒಂದೇ ಉದ್ದ, ಒಂದೇ ಕೋನ ಕೊಟ್ಟರೆ ಪದದ ಒಂದು ತುದಿ ಹೊಂದಿದರೂ ಇನ್ನೊಂದು ತುದಿ ಹೊಂದುವುದಿಲ್ಲ.

ಇದಕ್ಕೆ ಪರಿಹಾರ ಕ್ರಮವನ್ನು ತಿರುಗಿಸುವುದು: ಮೊದಲು ಮಸುಕು, ಆಮೇಲೆ ಓರೆ. ಬಸ್ಸಿನ ಪಕ್ಕದ ತಗಡು ಸಮತಲ, ಮತ್ತು ಬಸ್ಸು ಆ ಸಮತಲದ ಉದ್ದಕ್ಕೇ ಚಲಿಸುತ್ತದೆ. ಆದ್ದರಿಂದ ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲಿ ತಗಡಿನ ಎಲ್ಲ ಬಿಂದುಗಳೂ ಸರಿದದ್ದು ಒಂದೇ ದೂರ. ಹತ್ತಿರದ್ದು ಉದ್ದವಾಗಿಯೂ ದೂರದ್ದು ಗಿಡ್ಡವಾಗಿಯೂ ಕಂಡದ್ದು ನೋಟದ ಓರೆಯಿಂದ ಮಾತ್ರ. ಚಿತ್ರದ ಒಂದು ಪ್ರತಿಯಲ್ಲಿ Perspective Crop ಬಳಸಿ, ಬಸ್ಸಿನ ಪಕ್ಕವನ್ನು ಎದುರಿನಿಂದ ನೋಡಿದಂತೆ ನೇರ ಆಯತ ಮಾಡಿಕೊಂಡೆ. ಆಗ ಎರಡೂ ತುದಿಯ ರಿವೆಟ್ಟುಗಳ ಗೆರೆ 44 ಪಿಕ್ಸೆಲ್ ಬಂತು. ಇದೇ ಪರೀಕ್ಷೆ. ಎರಡು ಕಡೆಯ ಅಳತೆ ಬೇರೆ ಬೇರೆ ಬಂದರೆ ನಾಲ್ಕು ಮೂಲೆಗಳನ್ನು ತಪ್ಪಾಗಿ ಹಿಡಿದಿದ್ದೀರಿ ಎಂದು ಅರ್ಥ. ಮೂಲೆಗಳೂ ಮಸುಕಾಗಿರುವುದರಿಂದ, ಮಸುಕಿನ ನಡುವನ್ನು ಹಿಡಿಯಬೇಕು, ಅಂಚನ್ನಲ್ಲ.

ರಿವೆಟ್ಟಿನ ಹೊಳಪಿಗೂ ತನ್ನದೇ ಅಗಲವಿರುತ್ತದೆ. ನಮ್ಮ ಗೆರೆಯ ದಪ್ಪ ಸುಮಾರು 4 ಪಿಕ್ಸೆಲ್. ಅದನ್ನು ಕಳೆದರೆ ಬಸ್ಸು ನಿಜವಾಗಿ ಸರಿದದ್ದು 40 ಪಿಕ್ಸೆಲ್. Motion Blur ಕೇಳುವ Distance ಅದೇ. ನೇರ ಪ್ರತಿಯಲ್ಲಿ ಗೆರೆ ಅಡ್ಡಡ್ಡ ಮಲಗಿದ್ದರಿಂದ Angle ಸೊನ್ನೆ.

ಆದರೆ 40 ಸರಿಯೋ 36 ಸರಿಯೋ ಎಂದು ಕಣ್ಣಳತೆಯಲ್ಲಿ ಹೇಗೆ ಹೇಳುವುದು? ಇಲ್ಲಿ ನಾನು ಹೊಸ ಪದವನ್ನು ಬದಿಗಿಟ್ಟು ಹಳೆಯ ಪದವನ್ನೇ ಮತ್ತೆ ಬರೆದೆ. ಅದನ್ನು ಬರೆದಿದ್ದ ಪೇಂಟರ್ ಇನ್ನೂ ಊರಲ್ಲೇ ಇದ್ದಾರೆ. ಅವರ ಕೈಬರಹಕ್ಕೆ ಹೊಂದುವ ಫಾಂಟ್ ಇರಲಿಲ್ಲ, ಆದ್ದರಿಂದ ಅವರ ಬಳಿಗೇ ಹೋಗಿ ಹಳೆಯ ಪದ, ಹೊಸ ಪದ ಎರಡನ್ನೂ ಕಾಗದದ ಮೇಲೆ ಅದೇ ಅಗಲದ ಬ್ರಷ್ಷಿನಲ್ಲಿ ಬರೆಸಿಕೊಂಡೆ. “ಒಂದು ಅಕ್ಷರ ಹೆಚ್ಚಾಗಿದೆ ತಮ್ಮಾ, ನಡುವಿನ ಸಂದು ಕಡಿಮೆ ಮಾಡುತ್ತೇನೆ, ಅಕ್ಷರ ಕುಗ್ಗಿಸುವುದಿಲ್ಲ” ಎಂದರು. ಆ ಮಾತು ಕೆಲಸಕ್ಕೆ ಬಂತು. ಅಕ್ಷರವನ್ನು ಅಡ್ಡಕ್ಕೆ ಕುಗ್ಗಿಸಿದ್ದರೆ ನಿಂತ ಗೆರೆಗಳು ತೆಳುವಾಗಿ, ಅದೇ ಮಸುಕಿನಲ್ಲಿ ಇನ್ನಷ್ಟು ಕರಗಿಹೋಗುತ್ತಿದ್ದವು.

ಆ ಕರಗುವಿಕೆಯನ್ನು ‘ರ’ ಅಕ್ಷರದಲ್ಲಿ ನೋಡಬೇಕು. ಅಕ್ಷರದ ಗೆರೆಯ ದಪ್ಪ 20 ಪಿಕ್ಸೆಲ್, ಬಸ್ಸು ಸರಿದದ್ದು 40. ಹಾಗಾಗಿ ನಿಂತ ಗೆರೆಯ ಹಳದಿ ಎಲ್ಲಿಯೂ ಅರ್ಧಕ್ಕಿಂತ ಹೆಚ್ಚು ತುಂಬುವುದಿಲ್ಲ. ಉಳಿದರ್ಧ ಹೊತ್ತು ಅಲ್ಲಿ ಕೆಂಪು ತಗಡಿತ್ತು. ತಲೆಕಟ್ಟು ಮತ್ತು ಹೊಟ್ಟೆಯ ತಳ ಚಲನೆಯ ದಿಕ್ಕಿನಲ್ಲೇ ಮಲಗಿರುವುದರಿಂದ ಗಟ್ಟಿಯಾಗಿ ಉಳಿಯುತ್ತವೆ. ಎಡಬಲದ ದುಂಡು ಮಾಸಿ, ಮೇಲೊಂದು ಕೆಳಗೊಂದು ಪಟ್ಟಿಯಷ್ಟೇ ‘ರ’ವಾಗಿ ಕಾಣುತ್ತದೆ. ಹೊಸ ಪದದ ‘ಯ’ ಓದಲು ಕಷ್ಟವಾದಾಗ ಮಸುಕು ಕಡಿಮೆ ಮಾಡೋಣ ಎನಿಸಿತು, ಆದರೆ ಮಾಡಲಿಲ್ಲ. ಪಕ್ಕದ ರಿವೆಟ್ಟು ಸುಳ್ಳು ಹೇಳುವುದಿಲ್ಲ.

ನೇರ ಪ್ರತಿಯಲ್ಲಿ ಹಳೆಯ ಅಕ್ಷರಗಳನ್ನು ಅಳಿಸುವುದು ಸುಲಭವಾಯಿತು. ಬಣ್ಣದ ಏರಿಳಿತವೂ ಅಡ್ಡಕ್ಕೆ ಸವರಿಹೋಗಿರುವುದರಿಂದ ಪಕ್ಕದ ಕೆಂಪನ್ನು ಅಡ್ಡಡ್ಡವಾಗಿಯೇ ಎಳೆದು ತಂದರೆ ಸಾಕು. ಆ ಖಾಲಿ ತಗಡಿನ ಮೇಲೆ ನನ್ನ ‘ಬಿಜಾಪುರ’ವನ್ನು ಪಾರದರ್ಶಕ ಲೇಯರಿನಲ್ಲಿ ಇಟ್ಟು, 40ರ ಮಸುಕು ಕೊಟ್ಟು, ಮುಟ್ಟದ ನೇರ ಪ್ರತಿಯನ್ನು ಅದರ ಮೇಲೆ Difference ಮೋಡಿನಲ್ಲಿ ಹಾಕಿದೆ. ಎರಡೂ ಒಂದೇ ಆದಲ್ಲಿ ಕಪ್ಪು ಕಾಣುತ್ತದೆ, ವ್ಯತ್ಯಾಸವಿದ್ದಲ್ಲಿ ಬೆಳಕು. ಸ್ಥಾನ ಸರಿಯಿದ್ದೂ ನಿಂತ ಗೆರೆಗಳ ಎರಡೂ ಬದಿಯಲ್ಲಿ ಬೆಳಕಿನ ಎಳೆ ಉಳಿದರೆ ಉದ್ದ ತಪ್ಪಿದೆ. ತಲೆಕಟ್ಟುಗಳ ಮೇಲೆ ಕೆಳಗೆ ಉಳಿದರೆ ಕೋನ ತಪ್ಪಿದೆ. ನನ್ನದು 39ಕ್ಕೆ ಹೆಚ್ಚು ಕಪ್ಪಾಯಿತು.

ಆದರೂ ಎರಡು ಕಡೆ ಬೆಳಕು ಹೋಗಲಿಲ್ಲ. ಒಂದು, ಹಳದಿಯಿಂದ ಕೆಂಪಿಗೆ ಇಳಿಯುವ ಜಾಗ. ಅಲ್ಲಿ ನನ್ನ ಬಣ್ಣ ಕೆಸರಾಗಿತ್ತು, ಫೋಟೋದ್ದು ಇನ್ನೂ ಬೆಳಗುತ್ತಿತ್ತು. ಕ್ಯಾಮೆರಾದೊಳಗೆ ಬೆರೆಯುವುದು ಬೆಳಕು. 8 ಬಿಟ್ ಕಡತದಲ್ಲಿ ಬೆರೆಯುವುದು ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದದ ಅಂಕಿಗಳು. 0ಯಿಂದ 255ರವರೆಗಿನ ಆ ಅಳತೆಯಲ್ಲಿ ಅರ್ಧ ಬೆಳಕಿನ ಅಂಕಿ 128 ಅಲ್ಲ, ಸುಮಾರು 188. ಇಡೀ ಕಡತವನ್ನು 32 Bits/Channel ಮಾಡಿ ಮಸುಕನ್ನೂ ಬೆರೆಸುವಿಕೆಯನ್ನೂ ಅಲ್ಲೇ ಮಾಡಿದಾಗ ಕೆಸರು ಬಹುಪಾಲು ಹೋಯಿತು. ಕ್ಯಾಮೆರಾ ತಾನಾಗಿ ಸೇರಿಸಿದ ಕಾಂಟ್ರಾಸ್ಟ್‌ನಿಂದಾಗಿ ಚೂರು ಉಳಿಯಿತು. ಅದನ್ನು Levels ಮೂಲಕ ಸರಿಪಡಿಸಿದೆ.

ಇನ್ನೊಂದು ನನಗೆ ನಿಜಕ್ಕೂ ಅಚ್ಚರಿ ತಂದಿತು. ‘ಪು’ವಿನ ಮೇಲೆ ನಿಂತ ಒಂದು ಬಿಳಿ ಗೀಟು, ಅದೂ ಮಸುಕಿಲ್ಲದ್ದು. ಎದುರಿನ ಅಂಗಡಿಯ ಟ್ಯೂಬ್‌ಲೈಟಿನ ಪ್ರತಿಬಿಂಬ! ಸಮತಟ್ಟಾದ ಕನ್ನಡಿಯನ್ನು ಅದರ ಸಮತಲದಲ್ಲೇ ಸರಿಸಿದರೆ ಒಳಗಿನ ಬಿಂಬ ಕದಲುವುದಿಲ್ಲ. ಹೊಳೆಯುವ ತಗಡಿಗೂ ಅದೇ ನಿಯಮ. ಅಕ್ಷರ ಓಡುತ್ತದೆ, ಅದರ ಮೇಲಿನ ಬೆಳಕು ನಿಂತಿರುತ್ತದೆ. ಹಳೆಯ ಅಕ್ಷರದ ಜೊತೆಗೆ ಅದನ್ನೂ ಅಳಿಸಿಬಿಟ್ಟಿದ್ದೆ. ಅಕ್ಷರಗಳ ಮೇಲಿನ ಬೇರೆ ಲೇಯರಿನಲ್ಲಿ, Linear Dodge (Add) ಮೋಡಿನಲ್ಲಿ, ಮಸುಕು ಮಾಡದೆ ಅದನ್ನು ವಾಪಸ್ ಇಟ್ಟೆ.

ಇಷ್ಟಾದ ಮೇಲೆ ‘ಬಿಜಾಪುರ’ದ ಜಾಗಕ್ಕೆ ‘ವಿಜಯಪುರ’ ಹಾಕಿ, ಅದೇ 39 ಕೊಟ್ಟು, ಆ ತುಂಡನ್ನಷ್ಟೇ ಮೂಲ ಚಿತ್ರದ ನಾಲ್ಕು ಮೂಲೆಗಳಿಗೆ Distort ಮಾಡಿ ಕೂರಿಸಿದೆ. ಮುಂಭಾಗದ ಮಸುಕು ತಾನಾಗಿ ಉದ್ದವಾಯಿತು, ಹಿಂಭಾಗದ್ದು ಗಿಡ್ಡವಾಯಿತು. ಬಸ್ಸು ಗುಂಡಿಗೆ ಇಳಿದು ರಿವೆಟ್ಟಿನ ಗೆರೆ ಬಾಗಿದ್ದರೆ ಈ ದಾರಿ ಸಾಲದು, ಆಗ Path Blur ಬೇಕು. ನನ್ನ ಗೆರೆಗಳು ನೇರವಾಗಿದ್ದವು.

ಫೋಟೋದ ಸಣ್ಣ ಚುಕ್ಕೆಗಳ ಒರಟನ್ನು, ಅಂದರೆ ಕಾಳನ್ನು, ಕಡತವನ್ನು 8 ಬಿಟ್ಟಿಗೆ ಮರಳಿಸಿದ ಮೇಲೆ ಕೊನೆಗೆ ಸೇರಿಸಿದೆ. ಕಾಳು ಹುಟ್ಟುವುದು ಸೆನ್ಸರಿನಲ್ಲಿ, ಬಸ್ಸಿನಲ್ಲಲ್ಲ, ಹಾಗಾಗಿ ಅದು ಎಂದೂ ಅಡ್ಡಕ್ಕೆ ಎಳೆದುಕೊಳ್ಳುವುದಿಲ್ಲ. ಬೂದು ಬಣ್ಣದ Overlay ಲೇಯರಿನಲ್ಲಿ Add Noise ಹಾಕಿ, 400% ಹಿಗ್ಗಿಸಿ, ಹೊಸ ‘ರ’ದ ಹೊಟ್ಟೆಯನ್ನು ಪಕ್ಕದ ಮುಟ್ಟದ ಕೆಂಪಿನೊಂದಿಗೆ ಹೋಲಿಸುತ್ತಾ, ಎರಡರ ಒರಟು ಒಂದೇ ಆಗುವವರೆಗೆ ಹೆಚ್ಚಿಸಿದೆ.