ಮೂರು ತೂಕಗಳಲ್ಲಿ ಯಾವುದು? ಬೊಜ್ಜಿರುವ ಮಗುವಿಗೆ ಅಮಿಕಾಸಿನ್ ಡೋಸ್: ನನ್ನ ಅನುಭವ

ಮಕ್ಕಳ ವಾರ್ಡಿನಲ್ಲಿ ನಾವೆಲ್ಲರೂ ಕಲಿತು ಬಂದದ್ದು ಒಂದೇ ಲೆಕ್ಕ: ತಕ್ಕಡಿ ತೋರಿಸಿದ ತೂಕವನ್ನು ಪ್ರತಿ ಕೆಜಿಯ ಡೋಸಿನಿಂದ ಗುಣಿಸುವುದು. ಬೊಜ್ಜಿರುವ ಮಗುವಿನಲ್ಲಿ ಈ ಲೆಕ್ಕ ಅಮಿಕಾಸಿನ್ ಮಟ್ಟಿಗೆ ಸರಿಹೋಗುವುದಿಲ್ಲ ಎಂದು ನಾನು ಹೇಳಿದಾಗ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, "ಸೂತ್ರ ಹಾಕುತ್ತಾ ಕುಳಿತರೆ ಮಗುವಿಗೆ ಔಷಧ ಕೊಡುವುದು ಯಾವಾಗ ಡಾಕ್ಟರೇ?" ಎಂದು ಕೇಳಿದ್ದರು. ಮೂರು ವರ್ಷಗಳಲ್ಲಿ ಸುಮಾರು ಇಪ್ಪತ್ತೈದು ಮಕ್ಕಳಿಗೆ ಸರಿಹೊಂದಿಸಿದ ತೂಕದ ಮೇಲೆಯೇ ಅಮಿಕಾಸಿನ್ ಕೊಟ್ಟಿದ್ದೇನೆ. ಅವರಲ್ಲಿ ಒಬ್ಬರ ಕ್ರಿಯಾಟಿನಿನ್ ಕೂಡ ದುಪ್ಪಟ್ಟಾಗಿಲ್ಲ. ಈಗ ಅದೇ ಹಿರಿಯರು ತಮ್ಮ ರೋಗಿಗಳ ಕೇಸ್ ಶೀಟನ್ನು ಡೋಸ್ ನೋಡಲೆಂದು ನನಗೆ ಕಳುಹಿಸುತ್ತಾರೆ.

ಇಲ್ಲಿಗೆ ಬರುವ ಮೊದಲು ಎರಡು ಬಾರಿ ಎಡವಿದ್ದೇನೆ. ಮೊದಲನೆಯದು ಹನ್ನೆರಡು ವರ್ಷದ, 70 ಕೆಜಿ ತೂಕದ ಹುಡುಗ. ನಿಜ ತೂಕಕ್ಕೆ ಕೆಜಿಗೆ 15 ಮಿಲಿಗ್ರಾಂನಂತೆ ದಿನಕ್ಕೆ 1,050 ಮಿಲಿಗ್ರಾಂ ಬರೆದೆ. ವಯಸ್ಕರ ಗರಿಷ್ಠ ಮಿತಿ 1,500 ಮಿಲಿಗ್ರಾಂ ಆಗಿರುವುದರಿಂದ ಆ ಮಿತಿಯೂ ನನ್ನನ್ನು ತಡೆಯಲಿಲ್ಲ. ಐದನೆಯ ದಿನ ಕ್ರಿಯಾಟಿನಿನ್ 0.6ರಿಂದ 1.3ಕ್ಕೆ ಏರಿತ್ತು. ಆ ಹುಡುಗನಿಗೆ ವಾಂತಿಯಿಂದ ನೀರಿನಂಶ ಕಡಿಮೆಯಾಗಿತ್ತು, ಮನೆಯಲ್ಲಿ ಐಬುಪ್ರೊಫೆನ್ ಕೂಡ ಕೊಟ್ಟಿದ್ದರು. ಆದ್ದರಿಂದ ಪೂರ್ತಿ ತಪ್ಪು ಡೋಸಿನದೇ ಎಂದು ಹೇಳಲಾರೆ. ಆದರೂ ಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 280 ಮಿಲಿಗ್ರಾಂ ಹೆಚ್ಚು ಕೊಟ್ಟವನು ನಾನೇ. ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಇಳಿಯಲು ಮೂರು ವಾರ ಹಿಡಿಯಿತು, ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ಹೆದರಿಕೆಯಲ್ಲಿ ಮುಂದಿನ ಮಗುವಿಗೆ ಆದರ್ಶ ತೂಕವನ್ನೇ ಹಿಡಿದೆ. ಒಂಬತ್ತು ವರ್ಷ, 134 ಸೆಂಟಿಮೀಟರ್ ಎತ್ತರ, 48 ಕೆಜಿ. ಆದರ್ಶ ತೂಕ 29 ಕೆಜಿ ಬಂದಿತು, ಡೋಸ್ 435 ಮಿಲಿಗ್ರಾಂ. ನಾಲ್ಕನೆಯ ದಿನವೂ ಜ್ವರ ಇಳಿಯಲಿಲ್ಲ. ರಕ್ತದಲ್ಲಿನ ಪೀಕ್ ಮಟ್ಟ ಲೀಟರಿಗೆ 30 ಮಿಲಿಗ್ರಾಂ ಆಸುಪಾಸಿನಲ್ಲಿತ್ತು, ನನಗೆ ಬೇಕಿದ್ದದ್ದು ಕನಿಷ್ಠ 40. ಕೊನೆಗೆ ಮೆರೊಪೆನೆಮ್‌ಗೆ ಬದಲಾಯಿಸಬೇಕಾಯಿತು; ಅಷ್ಟರಲ್ಲಿ ಬಿಲ್ಲಿಗೆ ಇಪ್ಪತ್ತು ಸಾವಿರದಷ್ಟು ಹೆಚ್ಚುವರಿ ಸೇರಿತ್ತು. ದಿನಗೂಲಿ ಮಾಡುವ ಆ ತಂದೆ ಕೈಸಾಲ ತಂದು ಕಟ್ಟಿದ್ದನ್ನು ನಾನು ಮರೆತಿಲ್ಲ.

ಅಮಿಕಾಸಿನ್ ನೀರಿನಲ್ಲಿ ಹರಡುವ ಔಷಧ. ಹೆಚ್ಚುವರಿ ಕೊಬ್ಬಿನಲ್ಲಿಯೂ ಸ್ವಲ್ಪ ನೀರಿರುತ್ತದೆ, ಆದರೆ ಪೂರ್ತಿ ಅಲ್ಲ. ಆದ್ದರಿಂದ ಹೆಚ್ಚುವರಿ ತೂಕದ ಶೇಕಡಾ 40ರಷ್ಟನ್ನು ಮಾತ್ರ ಸೇರಿಸಿಕೊಳ್ಳುವ ಹಳೆಯ ಸೂತ್ರವನ್ನು ಹಿಡಿದೆ. ಇತ್ತೀಚಿನ ಒಂದು ಕೇಸನ್ನು ಪೂರ್ತಿಯಾಗಿ ಬರೆಯುತ್ತೇನೆ.

ಹತ್ತು ವರ್ಷದ ಹುಡುಗಿ, ಮೂತ್ರಪಿಂಡದ ಸೋಂಕು, 39 ಡಿಗ್ರಿ ಜ್ವರ. ತೂಕ 62 ಕೆಜಿ. ಕೇಸ್ ಶೀಟಿನಲ್ಲಿ ಎತ್ತರ 148 ಸೆಂಟಿಮೀಟರ್ ಎಂದಿತ್ತು. ಯಾರು ಅಳೆದರು ಎಂದು ಕೇಳಿದಾಗ ಸಿಸ್ಟರ್, "ಅಮ್ಮ ಹೇಳಿದ್ದು ಸರ್" ಎಂದರು. ಮಗುವನ್ನು ಗೋಡೆಗೆ ಒರಗಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಎತ್ತಿ ಕಟ್ಟಿದ್ದ ಜಡೆಯನ್ನು ಬಿಚ್ಚಿಸಿ ನಾನೇ ಅಳೆದೆ: 140. ಆ ವಯಸ್ಸಿನ ಹುಡುಗಿಯರ ಮಧ್ಯಮ ಬಿಎಂಐ ಸುಮಾರು 16.8, ಅದನ್ನು 1.4ರ ವರ್ಗದಿಂದ ಗುಣಿಸಿದರೆ ಆದರ್ಶ ತೂಕ ಸುಮಾರು 33 ಕೆಜಿ.

ಸರಿಹೊಂದಿಸಿದ ತೂಕ = 33 + 0.4 × (62 − 33) = 44.6 ಕೆಜಿ

ಕೆಜಿಗೆ 15 ಮಿಲಿಗ್ರಾಂನಂತೆ 670 ಮಿಲಿಗ್ರಾಂ. ನಿಜ ತೂಕಕ್ಕೆ 930 ಬರುತ್ತಿತ್ತು, ಆದರ್ಶ ತೂಕಕ್ಕೆ 495. ಎರಡು ಮಿಲಿಲೀಟರಿನಲ್ಲಿ 500 ಮಿಲಿಗ್ರಾಂ ಇರುವ ಎರಡು ವಯಲ್‌ಗಳಿಂದ ಒಟ್ಟು 2.7 ಮಿಲಿಲೀಟರ್ ತೆಗೆದು, ಒಂದು ಗಂಟೆಯಲ್ಲಿ ಹೋಗುವಂತೆ ದಿನಕ್ಕೊಮ್ಮೆ ಹಾಕಿದೆವು.

ಅಮ್ಮ ಹೇಳಿದ 148ನ್ನೇ ನಂಬಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. ಆದರ್ಶ ತೂಕದ ಡೋಸಿನಲ್ಲಿ 57 ಮಿಲಿಗ್ರಾಂ ವ್ಯತ್ಯಾಸವಾಗುತ್ತಿತ್ತು, ಸರಿಹೊಂದಿಸಿದ ತೂಕದ ಡೋಸಿನಲ್ಲಿ 34 ಮಾತ್ರ. ಸೂತ್ರವನ್ನು ಬಿಡಿಸಿ ಬರೆದರೆ ಆದರ್ಶ ತೂಕದ 0.6 ಭಾಗ ಮತ್ತು ನಿಜ ತೂಕದ 0.4 ಭಾಗವಾಗುವುದರಿಂದ, ಎತ್ತರ ಅಳೆಯುವಲ್ಲಿ ಆಗುವ ತಪ್ಪೂ 0.6ರಷ್ಟಕ್ಕೆ ಇಳಿಯುತ್ತದೆ. ನನಗೆ ಈ ವಿಧಾನದ ಮೇಲೆ ನಂಬಿಕೆ ಗಟ್ಟಿಯಾದದ್ದು ಇಲ್ಲಿಂದಲೇ.

ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂಬುದು ತೂಕದ ಪ್ರಶ್ನೆಯಲ್ಲ, ಮೂತ್ರಪಿಂಡದ ಪ್ರಶ್ನೆ. ಶ್ವಾರ್ಟ್ಜ್ ಸೂತ್ರದಲ್ಲಿ ತೂಕವೇ ಬರುವುದಿಲ್ಲ: 0.413ನ್ನು ಎತ್ತರದಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸುವುದು. ಈ ಹುಡುಗಿಗೆ 0.6ರ ಕ್ರಿಯಾಟಿನಿನ್‌ಗೆ 96 ಬಂದಿತು, ಇಪ್ಪತ್ತನಾಲ್ಕು ಗಂಟೆಯ ಅಂತರ ಸಾಕಾಯಿತು.

ಡ್ರಿಪ್ ಮುಗಿದ ಅರ್ಧ ಗಂಟೆಗೆ ತೆಗೆದ ಮಾದರಿಯಲ್ಲಿ ಮಟ್ಟ 42 ಬಂದಿತು. ಮೂರನೆಯ ಡೋಸಿಗೆ ಮುಂಚಿನ ಟ್ರಫ್ 2ಕ್ಕಿಂತ ಕಡಿಮೆಯಿತ್ತು. ಮೂರನೆಯ ದಿನ ಜ್ವರ ಬಿಟ್ಟಿತು. ಒಂದು ಮಾದರಿಗೆ ನೆನಪಿನಂತೆ 1,800 ರೂಪಾಯಿ, ಅದನ್ನು ಐಸ್ ಡಬ್ಬಿಯಲ್ಲಿ ದೊಡ್ಡ ಊರಿನ ಲ್ಯಾಬಿಗೆ ಕಳುಹಿಸಬೇಕು, ಫಲಿತಾಂಶ ಬರುವುದು ಮರುದಿನ. ಇಪ್ಪತ್ತೈದು ಮಕ್ಕಳಲ್ಲಿ ಹನ್ನೊಂದು ಮಕ್ಕಳಿಗೆ ಮಾತ್ರ ಮಟ್ಟ ನೋಡಲು ಸಾಧ್ಯವಾಯಿತು. ಒಂದೇ ಮಾದರಿಗೆ ಹಣವಿರುವಾಗ ನಾನು ಟ್ರಫ್ ನೋಡುತ್ತೇನೆ, ಏಕೆಂದರೆ ಔಷಧ ದೇಹದಲ್ಲಿ ಉಳಿಯುತ್ತಿದೆಯೇ ಎಂದು ಮೊದಲು ಹೇಳುವುದು ಅದೇ. ಉಳಿದ ಮಕ್ಕಳಿಗೆ ದಿನ ಬಿಟ್ಟು ದಿನ ಕ್ರಿಯಾಟಿನಿನ್ ನೋಡಿ, ಮೂತ್ರದ ಪ್ರಮಾಣವನ್ನು ಗಂಟೆ ಲೆಕ್ಕದಲ್ಲಿ ಬರೆಸುತ್ತೇನೆ.

ಆದರ್ಶ ತೂಕಕ್ಕೆ ಎತ್ತರ-ವಯಸ್ಸಿನ ವಿಧಾನವನ್ನೂ ಕೆಲವು ದಿನ ಬಳಸಿ ನೋಡಿದೆ. ಮಗುವಿನ ಎತ್ತರ ಯಾವ ವಯಸ್ಸಿನ ಮಧ್ಯಮ ರೇಖೆಯ ಮೇಲೆ ಬೀಳುತ್ತದೆಯೋ ಆ ವಯಸ್ಸಿನ ಮಧ್ಯಮ ತೂಕ ತೆಗೆದುಕೊಳ್ಳುವುದು. 140 ಸೆಂಟಿಮೀಟರಿಗೆ ಎರಡೂ ಬಹುತೇಕ ಒಂದೇ ಉತ್ತರ ಕೊಟ್ಟವು. ಆದರೆ 164 ಸೆಂಟಿಮೀಟರ್ ಎತ್ತರದ ಹದಿಮೂರರ ಹುಡುಗಿ ಬಂದಾಗ ನಮ್ಮ ಐಎಪಿ ಚಾರ್ಟಿನ ಮಧ್ಯಮ ರೇಖೆ ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ, ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಅಂದಿನಿಂದ ಬಿಎಂಐ ವಿಧಾನವೊಂದನ್ನೇ ಉಳಿಸಿಕೊಂಡಿದ್ದೇನೆ. ಬೊಜ್ಜು ಅತಿಯಾದಾಗ, ಅಂದರೆ ನಿಜ ತೂಕ ಆದರ್ಶ ತೂಕದ ಎರಡೂವರೆ ಪಟ್ಟು ದಾಟಿದಾಗ, 0.4ಕ್ಕೆ ನಾನು ಒಂದು ಸಣ್ಣ ತಿದ್ದುಪಡಿ ಮಾಡಿಕೊಳ್ಳುತ್ತೇನೆ. ಅದನ್ನು ನಾಲ್ಕೇ ಮಕ್ಕಳಲ್ಲಿ ನೋಡಿರುವುದರಿಂದ ಇಲ್ಲಿ ಬರೆಯುವುದಿಲ್ಲ.

ಇದೇ ಸೂತ್ರವನ್ನು ಎಲ್ಲ ಔಷಧಕ್ಕೂ ಹಾಕಬಾರದು. ಉತ್ಸಾಹದಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಹಾಕಿ ನೋಡಿದ್ದೆ, ಅರ್ಥವಿರಲಿಲ್ಲ. ಅದಕ್ಕೆ ನಿಜ ತೂಕ ಹಿಡಿದು, ವಯಸ್ಕರ ಗರಿಷ್ಠ ಡೋಸಿನಲ್ಲಿ ನಿಲ್ಲಿಸಿದರೆ ಸಾಕು. ಪ್ಯಾರಾಸಿಟಮಾಲ್‌ನಲ್ಲಿ ಇದಕ್ಕೆ ತದ್ವಿರುದ್ಧ: ಆ 62 ಕೆಜಿ ಹುಡುಗಿಗೆ ನಿಜ ತೂಕ ಹಿಡಿದರೆ ಒಂದು ಸಲಕ್ಕೆ 930 ಮಿಲಿಗ್ರಾಂ ಆಗುತ್ತದೆ, ದಿನಕ್ಕೆ ನಾಲ್ಕು ಸಲವೆಂದರೆ 3.7 ಗ್ರಾಂ. ಇಂತಹ ಮಕ್ಕಳಲ್ಲಿ ಅನೇಕರ ಯಕೃತ್ತಿನಲ್ಲಿ ಆಗಲೇ ಕೊಬ್ಬು ಸೇರಿರುತ್ತದೆ. ನಾನು ಆದರ್ಶ ತೂಕದ ಮೇಲೆ 500 ಮಿಲಿಗ್ರಾಂ ಮಾತ್ರೆ ಒಂದನ್ನೇ ಕೊಡಿಸಿದೆ, ಮೈಬಿಸಿ ಇಳಿಯಲು ಅಷ್ಟೇ ಸಾಕಾಯಿತು.