ಎಫ್‌ಆರ್‌ಎ ಸೆಟಲ್‌ಮೆಂಟ್: 75 ಯೂರೊ ವ್ಯತ್ಯಾಸ ಹೋಗಿದ್ದು ಹೀಗೆ

ನಾವು 3x6 ಎಫ್‌ಆರ್‌ಎ ಕೊಂಡಿದ್ದೆವು, ಅಂದರೆ ಮೂರು ತಿಂಗಳ ನಂತರ ಶುರುವಾಗುವ ಮೂರು ತಿಂಗಳ ಅವಧಿಗೆ ಬಡ್ಡಿ ದರವನ್ನು ಮೊದಲೇ ಒಪ್ಪಿಕೊಳ್ಳುವ ಒಪ್ಪಂದ: ಅಸಲು 1 ಕೋಟಿ ಯೂರೊ, ಒಪ್ಪಿದ ದರ 2.50%, ಅವಧಿ 92 ದಿನ. ಬ್ಯಾಂಕ್‌ಗಳ ನಡುವಿನ ಯೂರೊ ಸಾಲದ ಮಾನದಂಡ ದರವಾದ ಮೂರು ತಿಂಗಳ ಯೂರಿಬೋರ್ 2.90%ಕ್ಕೆ ನಿಗದಿಯಾಯಿತು. ದರ ಏರಿದ್ದರಿಂದ ಹಣ ನಮಗೇ ಬರಬೇಕು. ಎಕ್ಸೆಲ್ 10,222.22 ತೋರಿಸುತ್ತಿತ್ತು, ಎದುರು ಪಾರ್ಟಿಯ ಕಾಗದದಲ್ಲಿ 10,147.02.

ವರ್ಷಕ್ಕೆ 360 ದಿನದ ಬದಲು 365 ಹಾಕಿದರೆ 10,082.19 ಬಂತು. 92ರ ಜಾಗದಲ್ಲಿ ಸುಮ್ನೆ 90 ಹಾಕಿದರೆ 10,000. ಎರಡೂ ಹೊಂದಲಿಲ್ಲ.

ಕಾರಣ ಪಾವತಿಯ ದಿನದಲ್ಲಿತ್ತು. ಸಾಲದ ಬಡ್ಡಿ ಅವಧಿಯ ಕೊನೆಗೆ ಬರುತ್ತದೆ. ಎಫ್‌ಆರ್‌ಎ ಹಣ ಅವಧಿ ಶುರುವಾಗುವ ದಿನವೇ ಕೈಸೇರುತ್ತದೆ. 92 ದಿನ ಮೊದಲೇ ಸಿಗುವ ಹಣ ಅಷ್ಟು ಕಡಿಮೆ ಇರಬೇಕು ಅಲ್ವಾ? ಹಾಗಾಗಿ ಬಡ್ಡಿ ವ್ಯತ್ಯಾಸವನ್ನು ಡಿಸ್ಕೌಂಟ್ ಮಾಡಬೇಕು.

ಯಾವ ದರದಲ್ಲಿ ಅನ್ನುವುದೇ ಮುಖ್ಯ. ಒಪ್ಪಿದ 2.50% ಬಳಸಿದರೆ 10,157.33 ಬರುತ್ತದೆ. ಉತ್ತರಕ್ಕೆ ಹತ್ತಿರ ಇರುವುದರಿಂದ ಇದು ಜಾಸ್ತಿ ದಾರಿ ತಪ್ಪಿಸುತ್ತದೆ. ನಿಗದಿಯಾದ 2.90% ಅನ್ನೇ ಬಳಸಬೇಕು.

B1 ಅಸಲು, B2 ಒಪ್ಪಿದ ದರ, B3 ಯೂರಿಬೋರ್, B4 ದಿನ:

```
=B1*(B3-B2)*B4/360/(1+B3*B4/360)
```

ಈಗ 10,147.02 ಸರಿಯಾಗಿ ಬರುತ್ತದೆ. ಉತ್ತರ ಮೈನಸ್ ಬಂದರೆ ಕೊಂಡವರೇ ಕೊಡಬೇಕು. ಪೌಂಡ್ ಒಪ್ಪಂದವಾದರೆ ಎರಡೂ ಕಡೆ 360 ತೆಗೆದು 365 ಹಾಕಿ.