ಹಾಸ್ಟೆಲ್‌ನಲ್ಲಿರುವ ಮಗನಿಗೆ ಬೆವರಿನ ಬಗ್ಗೆ ಬರೆದ ಪತ್ರ

ನಮ್ಮ ಮನೆ ಸೋಮವಾರಪೇಟೆ ಹತ್ತಿರ. ಮಗ ಮಡಿಕೇರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಒಂಬತ್ತನೇ ಕ್ಲಾಸ್ ಓದುತ್ತಿದ್ದಾನೆ. ಕಳೆದ ಜುಲೈನಲ್ಲಿ ಎರಡು ದಿನ ರಜೆ ಸಿಕ್ಕಿ ಮನೆಗೆ ಬಂದಿದ್ದ. ಬಟ್ಟೆ ಚೀಲ ಬಿಚ್ಚಿದಾಗ ಮೊದಲು ಬಾಡಿ ಸ್ಪ್ರೇ ಘಮ ಬಂತು. ಅದರ ಬೆನ್ನಿಗೇ ಕೊಳೆತ ಈರುಳ್ಳಿಯಂಥ ವಾಸನೆ. ಶರ್ಟನ್ನು ನಾನೇ ಒಗೆದು ಒಣಗಿಸಿದೆ, ವಾಸನೆ ಹೋಯಿತು ಅಂದುಕೊಂಡೆ. ಇಸ್ತ್ರಿ ಪೆಟ್ಟಿಗೆ ಕಂಕುಳ ಮೇಲೆ ಹೋಯಿತು ನೋಡಿ, ಬಿಸಿಗೆ ಅದೇ ವಾಸನೆ ಮತ್ತೆ ಎದ್ದಿತು.

ಎದುರು ಕೂರಿಸಿ ಹೇಳಲು ಹೋದರೆ ಅವನು ತಲೆ ಎತ್ತುವುದಿಲ್ಲ ಅಂತ ಗೊತ್ತಿತ್ತು. ನನಗೂ ಬಾಯಿ ಬರುತ್ತಿರಲಿಲ್ಲ. ಹಾಗಾಗಿ ರಾತ್ರಿ ಕೂತು ಬರೆದೆ. ಒಗೆದ ಬಟ್ಟೆಯ ಮಡಿಕೆಯೊಳಗೆ ಇಟ್ಟು, ಜೊತೆಗೆ ಒಂದು ಸೋಪು, ಒಂದು ರೋಲ್-ಆನ್, ಒಂದು ಫೇಸ್‌ವಾಶ್ ಹಾಕಿ ಕಳಿಸಿದೆ. ಮನೆ ಸುದ್ದಿಯ ಸಾಲುಗಳನ್ನು ಬಿಟ್ಟು ಉಳಿದ ಪತ್ರ ಇಲ್ಲಿದೆ.

ಮಗಾ,

ನಿನ್ನ ಶರ್ಟ್ ಇಸ್ತ್ರಿ ಮಾಡುವಾಗ ಇದನ್ನು ಬರೆಯಬೇಕು ಅನ್ನಿಸಿತು. ನೀನು ಕೊಳಕು ಹುಡುಗ ಅಂತ ಇದರ ಅರ್ಥ ಅಲ್ಲ. ಹೋದ ವರ್ಷದವರೆಗೂ ನೀನು ಎಷ್ಟು ಆಡಿ ಬಂದರೂ ವಾಸನೆ ಬರುತ್ತಿರಲಿಲ್ಲ. ಈಗ ಬರುತ್ತದೆ. ನಿನ್ನ ವಯಸ್ಸಿನಲ್ಲಿ ಕಂಕುಳಲ್ಲಿ, ತೊಡೆಸಂದಿಯಲ್ಲಿ ಬೇರೆ ಥರದ ಬೆವರಿನ ಗ್ರಂಥಿಗಳು ಕೆಲಸ ಶುರು ಮಾಡುತ್ತವೆ. ಹಣೆಯ ಬೆವರು ಬಹುಪಾಲು ನೀರು, ಉಪ್ಪು ಅಷ್ಟೇ. ಕಂಕುಳ ಈ ಬೆವರಿನಲ್ಲಿ ಕೊಬ್ಬು, ಪ್ರೋಟೀನ್ ಇರುತ್ತದೆ. ಅದಕ್ಕೂ ತಾನಾಗಿ ವಾಸನೆ ಇಲ್ಲ. ಚರ್ಮದ ಮೇಲೆ ಎಲ್ಲರಿಗೂ ಇರುವ ಬ್ಯಾಕ್ಟೀರಿಯಾ ಅದನ್ನು ತಿಂದಾಗ ವಾಸನೆ ಹುಟ್ಟುತ್ತದೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಬೆಂಚಿನಲ್ಲಿ ಪಕ್ಕದವನು ಸರಿದು ಕೂತಾಗ ನನ್ನಲ್ಲೇ ಏನೋ ಕೆಟ್ಟಿದೆ ಅಂತ ತುಂಬಾ ದಿನ ಕೊರಗಿದ್ದೆ. ನಿನಗೆ ಹಾಗಾಗಬಾರದು.

ನೀನು ಸ್ಪ್ರೇಯನ್ನು ಶರ್ಟಿನ ಮೇಲೆ ಹೊಡೆಯುತ್ತಿದ್ದೀಯ ಅಲ್ವಾ? ಅದು ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸಿದಂತೆ. ಮೊದಲು ತೊಳೆಯಬೇಕು. ಬರೀ ಮೈಮೇಲೆ ನೀರು ಸುರಿದುಕೊಂಡರೆ ಸಾಲದು. ಕಂಕುಳಲ್ಲಿ ಈಗ ಕೂದಲು ಬರುತ್ತಿದೆ, ಅದರ ಬುಡಕ್ಕೆ ಸೋಪಿನ ನೊರೆ ಹೋಗುವಂತೆ ಕೈಯಲ್ಲಿ ತಿಕ್ಕು. ತೊಡೆಸಂದಿಗೂ ಹಾಗೇ. ಮುಂದೊಗಲು ಸುಲಭವಾಗಿ ಎಷ್ಟು ಹಿಂದೆ ಸರಿಯುತ್ತದೋ ಅಷ್ಟೇ ಸರಿಸಿ ಬರೀ ನೀರಿನಲ್ಲಿ ತೊಳೆ. ಬಲವಂತ ಮಾಡಬೇಡ, ಒಳಗೆ ಸೋಪು ಬೇಡ.

ದಿನಕ್ಕೆ ಒಂದು ಸ್ನಾನ ಸಾಕು. ಆದರೆ ಆ ಸ್ನಾನ ಹಾಕಿ ಆಟ ಮುಗಿಸಿ ಬಂದ ಮೇಲೆ ಇರಲಿ. ಬೆಳಿಗ್ಗೆ ಮಿಂದು ಸಂಜೆ ಬೆವರಿ ಹಾಗೇ ಮಲಗಿದರೆ ಪ್ರಯೋಜನವಿಲ್ಲ. ಮನೆಯ ಹಂಡೆಯಂತೆ ಹಾಸ್ಟೆಲ್‌ನಲ್ಲಿ ಯಾವಾಗ ಬೇಕಾದರೂ ಬಿಸಿನೀರು ಇರುವುದಿಲ್ಲ, ಗೊತ್ತು. ಸಾಲು ಉದ್ದ ಇದ್ದ ದಿನ ಒಂದು ಬಕೆಟ್ ತಣ್ಣೀರಿನಲ್ಲೇ ಕಂಕುಳು, ತೊಡೆಸಂದಿ, ಪಾದ ಮೂರನ್ನೂ ಸೋಪು ಹಾಕಿ ತೊಳೆದುಕೋ. ಐದು ನಿಮಿಷದ ಕೆಲಸ.

ಆಮೇಲೆ ಟವೆಲ್‌ನಲ್ಲಿ ಪೂರ್ತಿ ಒರೆಸಿಕೋ. ಚೀಲದಲ್ಲಿ ಇಟ್ಟಿರುವ ರೋಲ್-ಆನ್ ಒಣಗಿದ ಚರ್ಮಕ್ಕೆ ಮಾತ್ರ. ಒಂದೊಂದು ಕಂಕುಳಿಗೆ ಎರಡು ಮೂರು ಸಲ ಎಳೆದರೆ ಸಾಕು. ಅದು ಆರಿದ ಮೇಲೆ ಬನಿಯನ್ ಹಾಕು. ಡಿಯೋಡರೆಂಟ್ ವಾಸನೆಯನ್ನಷ್ಟೇ ತಡೆಯುತ್ತದೆ, ಬೆವರು ಬಂದೇ ಬರುತ್ತದೆ. ಡಬ್ಬದ ಮೇಲೆ ಆ್ಯಂಟಿಪರ್ಸ್ಪಿರಂಟ್ ಅಂತಿದ್ದರೆ ಅದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ, ಅದು ಬೆವರನ್ನೂ ಕಡಿಮೆ ಮಾಡುತ್ತದೆ. ಅದನ್ನು ರಾತ್ರಿ ಹಚ್ಚಿದರೆ ಹೆಚ್ಚು ಕೆಲಸ ಮಾಡುತ್ತದೆ. ನಿನಗೆ ಸದ್ಯಕ್ಕೆ ಡಿಯೋಡರೆಂಟ್ ಸಾಕು. ಉರಿದರೆ, ಕೆಂಪಾದರೆ ನಿಲ್ಲಿಸಿ ನನಗೆ ಹೇಳು.

ಈಗ ಶರ್ಟಿನ ವಿಷಯ. ನಿನ್ನ ಯೂನಿಫಾರ್ಮ್‌ನಲ್ಲಿ ಪಾಲಿಯೆಸ್ಟರ್ ಇದೆ. ಹತ್ತಿ ಬಟ್ಟೆಗಿಂತ ಅದು ಬೆವರಿನ ಜಿಡ್ಡನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಒಗೆದರೂ ವಾಸನೆ ಹೋಗಿರಲಿಲ್ಲ. ಶರ್ಟನ್ನು ಒಳಮೈ ಹೊರಗೆ ಮಾಡಿ, ಬಿಸಿನೀರು ಸೋಪಿನ ಪುಡಿಯಲ್ಲಿ ಅರ್ಧ ಗಂಟೆ ನೆನೆಸಿ, ಕಂಕುಳ ಭಾಗವನ್ನು ಕೈಯಲ್ಲಿ ಉಜ್ಜು. ಇಲ್ಲಿ ನಾವು ಮಳೆಗಾಲದಲ್ಲಿ ಒಲೆಯ ಮೇಲಿನ ಬಿದಿರಿಗೆ ಹಾಕಿ ಒಣಗಿಸುತ್ತೇವೆ. ಅಲ್ಲಿ ಫ್ಯಾನ್ ಕೆಳಗೆ ಹ್ಯಾಂಗರ್‌ಗೆ ಬಿಡಿಸಿ ಹಾಕು, ಮಂಚದ ಕಂಬಿಗೆ ಮುದ್ದೆ ಮಾಡಿ ಹಾಕಬೇಡ.

ಅರೆ ಒಣಗಿದ ಚಡ್ಡಿಯನ್ನಂತೂ ಹಾಕಲೇಬೇಡ. ಈ ಮಳೆಯಲ್ಲಿ ತೊಡೆಸಂದಿಗೆ ಹುಳುಕಡ್ಡಿ ಹತ್ತುವುದು ಹಾಗೇ. ಕಡಿತ ಶುರುವಾದರೆ ಗೆಳೆಯರ ಹತ್ತಿರ ಇರುವ ಟ್ಯೂಬ್ ತೆಗೆದುಕೊಂಡು ಹಚ್ಚಬೇಡ. ಅಂಥ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನಕ್ಕೆ ಕಡಿತ ನಿಂತಂತೆ ಕಾಣುತ್ತದೆ, ಒಳಗೊಳಗೇ ಹರಡುತ್ತದೆ. ನಾಚಿಕೆ ಪಡದೆ ಫೋನ್ ಮಾಡು. ನಾನೇ ಬಂದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ನಿನ್ನ ಹಣೆಯ ಮೊಡವೆ ನೋಡಿದೆ. ಅದೂ ಈ ವಯಸ್ಸಿನದೇ. ಚರ್ಮದ ಎಣ್ಣೆ ಜಾಸ್ತಿಯಾಗಿ ರಂಧ್ರ ಕಟ್ಟಿಕೊಳ್ಳುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕಿ ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಮೈಸೋಪನ್ನು ಮುಖಕ್ಕೆ ಹಾಕಬೇಡ. ಬಟಾಣಿ ಕಾಳಿನಷ್ಟು ಫೇಸ್‌ವಾಶ್ ತೆಗೆದುಕೊಂಡು ಬೆರಳ ತುದಿಯಲ್ಲಿ ಮೆಲ್ಲಗೆ ಹಚ್ಚಿ ತೊಳೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಜೊತೆಗೆ ಬೆವರಿದಾಗ. ಅಮ್ಮ ಕೊಟ್ಟ ಕೊಬ್ಬರಿ ಎಣ್ಣೆ ತಲೆಗೆ ಇರಲಿ, ಹಣೆಗೆ ಇಳಿಯದಂತೆ ನೋಡಿಕೋ. ಮೊಡವೆ ಹಿಸುಕಬೇಡ, ಟೂತ್‌ಪೇಸ್ಟ್ ಹಚ್ಚಬೇಡ, ಚರ್ಮ ಸುಡುತ್ತದೆ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಗಂಟುಗಟ್ಟಿ ನೋಯುವ ಮೊಡವೆ ಬಂದರೆ ಮಾತ್ರ ಕಾಯುವುದು ಬೇಡ, ಚರ್ಮದ ಡಾಕ್ಟರಿಗೆ ತೋರಿಸೋಣ.

ಅಪ್ಪ

ಪತ್ರಕ್ಕೆ ಉತ್ತರ ಬರಲಿಲ್ಲ. ಒಂದು ವಾರದ ನಂತರ ಫೋನಿನಲ್ಲಿ, "ಅಪ್ಪಾ, ಇನ್ನೆರಡು ಬನಿಯನ್ ಬೇಕು" ಅಂದ. ಓದಿದ್ದಾನೆ ಅಂತ ತಿಳಿಯಿತು.

ಸೆಪ್ಟೆಂಬರ್ ಮೊದಲ ವಾರ ಕೈಲ್ ಪೋದ್ ಹಬ್ಬದ ಸಮಯಕ್ಕೆ ಮನೆಗೆ ಬಂದಾಗ ಕಂಕುಳ ವಾಸನೆ ಇರಲಿಲ್ಲ. ಆದರೆ ಮೂಗಿನ ಪಕ್ಕ ಚರ್ಮ ಸುಲಿದು ಕೆಂಪಾಗಿತ್ತು. ಕೇಳಿದರೆ ದಿನಕ್ಕೆ ಐದಾರು ಸಲ ಫೇಸ್‌ವಾಶ್ ಹಾಕುತ್ತಿದ್ದನಂತೆ. ತಪ್ಪು ನನ್ನದೇ. "ಬೆವರಿದಾಗ" ಅಂತ ಬರೆದಿದ್ದೆ. ಆಡುವ ಹುಡುಗ ಬೆವರದೆ ಇರುವುದು ಯಾವಾಗ? ಬೆಳಿಗ್ಗೆ, ರಾತ್ರಿ ಎರಡೇ ಸಲ ಫೇಸ್‌ವಾಶ್, ನಡುವೆ ಬೆವರಿದರೆ ಬರೀ ನೀರು ಅಂತ ತಿದ್ದಿ ಹೇಳಿದೆ. ಹತ್ತು ದಿನದಲ್ಲಿ ಸುಲಿಯುವುದು ನಿಂತಿತು. ಮಗನಿಗೆ ಬರೆಯುವವರು ಎಷ್ಟು ಸಲ ಅನ್ನುವುದನ್ನು ಲೆಕ್ಕದಲ್ಲೇ ಬರೆಯಿರಿ.

ಹಳೆಯ ಎರಡು ಶರ್ಟುಗಳನ್ನೂ ಆ ರಜೆಯಲ್ಲೇ ಇಬ್ಬರೂ ಸೇರಿ ನೆನೆಸಿದೆವು. ಒಂದು ಸರಿಹೋಯಿತು. ಇನ್ನೊಂದನ್ನು ಮೂರು ಸಲ ನೆನೆಸಿದರೂ ಇಸ್ತ್ರಿಯ ಬಿಸಿಗೆ ವಾಸನೆ ಎದ್ದಿತು. ಅವನೇ ಮೂಸಿ ನೋಡಿ, ಬೈಕ್ ಒರೆಸಲು ಇಟ್ಟುಕೊಳ್ಳಿ ಅಂದ.